ಇಟಲಿ ಕೋರ್ಟಿನ ಸಮನ್ಸ್ ಇಂಗ್ಲಿಷಿಗೆ ತರೋದು: ಲ್ಯಾಟಿನ್ನಿಗಿಂತ ಆ ಎಪ್ಪತ್ತು ದಿನ ಕಷ್ಟ

ಬೆಂಗಳೂರಿನ ಹತ್ರ ಗ್ರಾನೈಟ್ ಎಕ್ಸ್‌ಪೋರ್ಟ್ ಮಾಡೋರೊಬ್ರು ಒಂದು ಕಟ್ಟು ಪೇಪರ್ ಹಿಡ್ಕೊಂಡು ಬಂದ್ರು. ವೆರೋನಾ ಕಡೆಯ ಒಬ್ಬ ಬಯ್ಯರ್ ಅವರ ಮೇಲೆ ಇಟಲಿಯಲ್ಲಿ ದಾವಾ ಹಾಕಿದಾನೆ, ಸ್ಲ್ಯಾಬ್ ಮೇಲೆ ಕಂದು ಬಣ್ಣದ ತುಕ್ಕಿನ ಕಲೆ ಎದ್ದಿದೆ ಅಂತ ತಕರಾರು. ಪೇಪರು ನಮ್ಮ ಕೋರ್ಟ್ ಅಮೀನರ ಕೈಯಿಂದಲೇ ಬಂದಿದೆ, ಜೊತೆಗೆ ಇಂಗ್ಲಿಷ್ ಅನುವಾದನೂ ಲಗತ್ತಾಗಿದೆ. ಆದ್ರೆ ಅವರ ವಕೀಲರು ಆ ಇಂಗ್ಲಿಷ್ ಓದಿ, 'ಇದರಲ್ಲಿ ಆ್ಯಕ್ಟರ್ ಅಂತಿದೆ, ಟೆಂಪರರಿ ರೆಪ್ರೆಸೆಂಟೇಟಿವ್ ಅಂತಿದೆ, ಆಕಲ್ಟ್ ವೈಸಸ್ ಅಂತಿದೆ, ಏನಿದು ಮಾಟ ಮಂತ್ರದ ಕೇಸಾ, ಮೂಲ ನೋಡಿ ಹೊಸದಾಗಿ ಮಾಡಿಸ್ಕೊಂಡು ಬನ್ನಿ' ಅಂದ್ರಂತೆ. ಮಾಲೀಕರ ಅನುಮಾನ ಬೇರೆ: 'ಸರ್, ಮೇಲಿನ ಹಾಳೆ ಮೇಲೆ ನಮ್ಮ ಕಡೆ ಸೀಲ್ ಎಲ್ಲಾ ಇದೆ, ಒಳಗಿನ ಪೇಪರ್ ಮೇಲೆ ಮಾತ್ರ ಇಟಲಿ ಕೋರ್ಟಿನ ಸೀಲೂ ಇಲ್ಲ, ಕೇಸ್ ನಂಬರೂ ಇಲ್ಲ, ಜಡ್ಜ್ ಹೆಸರೂ ಇಲ್ಲ, ಫ್ರಾಡ್ ಇರಬಹುದಾ?'

ಆ ಕೆಲಸವನ್ನೇ ಇಟ್ಕೊಂಡು ಬರೀತಿದೀನಿ, ತಾರೀಖು, ದುಡ್ಡು, ಒಂದೆರಡು ವಿವರ ಬದಲಾಯಿಸಿದೀನಿ. ಇಟಾಲಿಯನ್ ಕಲಿತಿರೋರು, ಲೀಗಲ್ ಕೆಲಸಕ್ಕೆ ಈಗ ಕೈ ಹಾಕ್ತಿರೋರು ಓದ್ಲಿ ಅಂತ.

ಮೊದಲು ಇದು ಯಾರು ಬರೆದ ಪೇಪರ್ ಅಂತ ತಿಳ್ಕೊಳ್ಳಿ

ನಮ್ಮಲ್ಲಿ ವಾದಿ ಕೋರ್ಟಿಗೆ ಪ್ಲೇಂಟ್ ಕೊಡ್ತಾನೆ, ಕೋರ್ಟು ನಂಬರ್ ಹಾಕ್ಕೊಂಡು ಸಮನ್ಸ್ ಹೊರಡಿಸತ್ತೆ, ಅಂದ್ರೆ ಎರಡು ಪೇಪರ್, ಇಬ್ಬರು ಬರೆಯೋರು. ಇಟಲಿಯ ಸಾಮಾನ್ಯ ಸಿವಿಲ್ ಕೇಸಿನಲ್ಲಿ ಎರಡೂ ಒಂದೇ ಪೇಪರು, ಹೆಸರು ಅತ್ತೊ ದಿ ಚಿತಾತ್ಸಿಯೋನೆ, ಬರೆಯೋನು ವಾದಿಯ ವಕೀಲ. ಹಿಯರಿಂಗ್ ದಿನ ಕೂಡ ಅವನೇ ನಮೂದಿಸ್ತಾನೆ, ಎದುರು ಪಾರ್ಟಿಗೆ ಮೊದಲು ಜಾರಿ ಮಾಡಿಸ್ತಾನೆ, ಆಮೇಲೆ ಕೋರ್ಟಲ್ಲಿ ರಿಜಿಸ್ಟರ್ ಮಾಡಿಸ್ತಾನೆ. ಹಾಗಾಗಿ ಜಾರಿ ಆಗೋ ಹೊತ್ತಿಗೆ ಕೇಸ್ ನಂಬರ್ ಇರೋದೇ ಇಲ್ಲ, ಜಡ್ಜ್ ಯಾರು ಅಂತ ತೀರ್ಮಾನ ಆಗಿರೋದೂ ಇಲ್ಲ. ಸೀಲ್ ಇಲ್ಲದ್ದು, ನಂಬರ್ ಜಾಗ ಖಾಲಿ ಇದ್ದದ್ದು ಫ್ರಾಡ್‌ನ ಗುರುತಲ್ಲ, ಅದು ಹಾಗೇ ಇರೋದು.

ಇದು ಟೈಟಲ್ ಅನುವಾದದಿಂದಲೇ ಲೆಕ್ಕಕ್ಕೆ ಬರತ್ತೆ. ತುಂಬಾ ಜನ ರಿಟ್ ಆಫ್ ಸಮನ್ಸ್ ಅಂತ ಹಾಕ್ತಾರೆ, ನಾನು ಹಾಕಲ್ಲ, ಯಾಕಂದ್ರೆ ನಮ್ಮ ಓದುಗರಿಗೆ ರಿಟ್ ಅಂದ ತಕ್ಷಣ ಹೈಕೋರ್ಟ್ ನೆನಪಾಗತ್ತೆ, ಅದೂ ಅಲ್ಲದೆ ರಿಟ್ ಅಂದ್ರೆ ಕೋರ್ಟಿಂದ ಹೊರಡೋ ಆಜ್ಞೆ. ಬರೀ ಸಮನ್ಸ್ ಅಂದ್ರೆ ಒಳಗೆ ಪೂರ್ತಿ ಪ್ಲೇಂಟೇ ಇದೆ ಅನ್ನೋದು ಮುಚ್ಚಿಹೋಗತ್ತೆ. ಸಮನ್ಸ್ ಆ್ಯಂಡ್ ಸ್ಟೇಟ್‌ಮೆಂಟ್ ಆಫ್ ಕ್ಲೇಮ್ ಅಂತ ಬರೆದು, ಪಕ್ಕದಲ್ಲಿ ಚೌಕ ಕಂಸದೊಳಗೆ ಇಟಾಲಿಯನ್ ಹೆಸರನ್ನ ಒಂದು ಸಲ ಕೊಟ್ಟುಬಿಡ್ತೀನಿ.

ಇಟಲಿಯ ಪ್ರೊಫೆಸರ್‌ಗಳು ಇದರ ಎರಡು ಭಾಗಕ್ಕೆ ಲ್ಯಾಟಿನ್ ಹೆಸರು ಇಟ್ಟಿದಾರೆ: ವೊಕಾತ್ಸಿಯೊ ಇನ್ ಯುಸ್, ಅಂದ್ರೆ ಎದುರು ಪಾರ್ಟಿನ ಕೋರ್ಟಿಗೆ ಕರೆಯೋ ಭಾಗ, ಮತ್ತು ಎದಿತ್ಸಿಯೊ ಆಕ್ಸಿಯೊನಿಸ್, ಅಂದ್ರೆ ಏನು ಕೇಳ್ತಿದೀನಿ, ಯಾಕೆ ಕೇಳ್ತಿದೀನಿ ಅನ್ನೋ ಭಾಗ. ಅನುವಾದ ಶುರು ಮಾಡೋ ಮುಂಚೆ ಒಂದು ಪೆನ್ಸಿಲ್ ತಗೊಂಡು ಈ ಎರಡನ್ನ ಮಾರ್ಕ್ ಮಾಡ್ಕೊಳ್ಳಿ, ಯಾಕಂದ್ರೆ ಎರಡರಲ್ಲಿ ತಪ್ಪಿನ ಬೆಲೆ ಬೇರೆ ಬೇರೆ. ತುಕ್ಕಿನ ಕಲೆಯ ವರ್ಣನೆಯಲ್ಲಿ ಒಂದು ವಿಶೇಷಣ ಆಚೀಚೆ ಆದ್ರೆ ವಕೀಲರು ಆಮೇಲೆ ಸರಿ ಮಾಡ್ಕೋತಾರೆ, ಕರೆಯೋ ಭಾಗದಲ್ಲಿ ಒಂದು ಪ್ರಿಪೊಸಿಷನ್ ತಪ್ಪಿದ್ರೆ ಪಾರ್ಟಿಯ ಹಕ್ಕೇ ಹೋಗತ್ತೆ.

ಓದೋರು ಯಾರು

ಇಟಲಿಯಿಂದ ಭಾರತಕ್ಕೆ ಇಂಥ ಪೇಪರು 1965ರ ಹೇಗ್ ಸರ್ವಿಸ್ ಕನ್ವೆನ್ಷನ್ ಪ್ರಕಾರ ಬರತ್ತೆ, ನಮ್ಮಲ್ಲಿ ಅದು 2007ರ ಆಗಸ್ಟಿಂದ ಜಾರಿಯಲ್ಲಿದೆ. ನೇರ ಪೋಸ್ಟಲ್ಲಿ ಕಳ್ಸೋದಕ್ಕೆ ಭಾರತ ಒಪ್ಪಿಲ್ಲ, ದೆಹಲಿಯ ಕಾನೂನು ಮಂತ್ರಾಲಯದ ಮೂಲಕ ಬಂದು ಆಮೇಲೆ ಇಲ್ಲಿನ ಕೋರ್ಟಿಗೆ ಬರಬೇಕು, ಪೇಪರು ಇಂಗ್ಲಿಷಲ್ಲಿರಬೇಕು ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಕನ್ನಡ ಬಲ್ಲ ಪಾರ್ಟಿಗೂ ಇಂಗ್ಲಿಷೇ ಬರೋದು ಇದಕ್ಕೇ.

ಹಾಗಾಗಿ ನಿಮ್ಮ ಇಂಗ್ಲಿಷ್ ಓದೋದು ಲಂಡನ್ ಸಾಲಿಸಿಟರ್ ಅಲ್ಲ, ನಮ್ಮ ಸಿವಿಲ್ ಕೋರ್ಟಿನ ವಕೀಲರು. ಇಂಗ್ಲೆಂಡಿನಲ್ಲಿ 1999ರ ಹೊಸ ಪ್ರೊಸೀಜರ್ ರೂಲ್ಸ್ ಬಂದ ಮೇಲೆ ಪ್ಲೇಂಟಿಫ್ ಹೋಗಿ ಕ್ಲೈಮೆಂಟ್ ಆಗಿದೆ, ನಮ್ಮಲ್ಲಿ ಇನ್ನೂ ಪ್ಲೇಂಟಿಫೇ. ಇಟಾಲಿಯನ್ ಅತ್ತೋರೆಗೆ ನಾನು ಪ್ಲೇಂಟಿಫ್ ಅಂತಲೇ ಹಾಕ್ತೀನಿ, ಕೊನ್ವೆನೂತೊಗೆ ಡಿಫೆಂಡೆಂಟ್. ಹಿಂದಿನ ಅನುವಾದಕರು ಅತ್ತೋರೆಗೆ ಡಿಕ್ಷನರಿಯ ಮೊದಲ ಅರ್ಥ ಹಾಕಿ ಆ್ಯಕ್ಟರ್ ಮಾಡಿದ್ರು, ಮುಂದೆ ಕೊಂಪಾರ್ಸಾ ಅನ್ನೋ ಪದ ಬಂತು, ಅದಕ್ಕೆ ಸಿನಿಮಾದ ಎಕ್ಸ್‌ಟ್ರಾ ಅನ್ನೋ ಅರ್ಥನೂ ಇದೆ, ಪುಣ್ಯಕ್ಕೆ ಅಲ್ಲಿ ಅಪಿಯರೆನ್ಸ್ ಅಂತ ಹಾಕಿ ನಿಲ್ಸಿದ್ರು, ಇಲ್ಲಾಂದ್ರೆ ಒಂದು ಶೂಟಿಂಗೇ ಆಗಿಹೋಗ್ತಿತ್ತು. ಕೊಂಪಾರ್ಸಾ ದಿ ರಿಸ್ಪೋಸ್ತಾ ಅಂದ್ರೆ ಪ್ರತಿವಾದಿಯ ಮೊದಲ ಲಿಖಿತ ಜವಾಬು. ನಮ್ಮ ರಿಟನ್ ಸ್ಟೇಟ್‌ಮೆಂಟಿಗೆ ಹತ್ರ ಇದೆ, ಆದ್ರೂ ಆ ಪದ ಹಾಕ್ಬೇಡಿ, ನಮ್ಮ ವಕೀಲರ ತಲೇಲಿ ಅದರ ಜೊತೆಗೆ ಮೂವತ್ತು ದಿನದ ಲೆಕ್ಕ ಅಂಟ್ಕೊಂಡಿದೆ, ಇಲ್ಲಿ ಲೆಕ್ಕವೇ ಬೇರೆ. ಸ್ಟೇಟ್‌ಮೆಂಟ್ ಆಫ್ ಡಿಫೆನ್ಸ್ ಸಾಕು.

ಇನ್ನೊಂದು ಜಾಗ ಹೀಗೇ ಕೈಕೊಡತ್ತೆ. ಪೇಪರಿನ ಕೊನೆಗೆ ರೆಲಾತಾ ದಿ ನೊತೀಫಿಕಾ ಅಂತ ಜಾರಿ ವರದಿ ಇರತ್ತೆ, ಬರೆಯೋನು ಉಫ್ಫಿಚಾಲೆ ಜುದಿತ್ಸಿಯಾರಿಯೊ. ಪದಕ್ಕೆ ಪದ ಇಟ್ರೆ ಜುಡಿಷಿಯಲ್ ಆಫೀಸರ್, ಯುರೋಪಿನಲ್ಲಿ ಹಾಗೆ ಬರೆಯೋರು ಇದಾರೆ. ಆದ್ರೆ ಭಾರತದಲ್ಲಿ ಜುಡಿಷಿಯಲ್ ಆಫೀಸರ್ ಅಂದ್ರೆ ಜಡ್ಜು! ಇಲ್ಲಿರೋದು ನಮ್ಮ ಅಮೀನನ ಕೆಲಸ ಮಾಡೋನು. ಕೋರ್ಟ್ ಬೇಲಿಫ್ ಅಂತ ಹಾಕಿ.

ತಲೆಭಾಗ: ಪ್ರೋ ತೆಂಪೊರೆ ಮತ್ತು ಸುಣ್ಣ

ಮೊದಲ ಪ್ಯಾರಾದಲ್ಲಿ ವಾದಿ ಕಂಪನಿ, ಅದರ ತೆರಿಗೆ ಕೋಡು, ಅದನ್ನ ಪ್ರತಿನಿಧಿಸೋ ವ್ಯಕ್ತಿ, ವಕೀಲ, ವಕೀಲರ ಆಫೀಸು, ಎಲ್ಲಾ ಒಂದೇ ವಾಕ್ಯದಲ್ಲಿ, ಅರ್ಧ ಪುಟ ಫುಲ್‌ಸ್ಟಾಪೇ ಇಲ್ದೆ ಹೋಗತ್ತೆ. ಇಂಗ್ಲಿಷಲ್ಲಿ ಅದನ್ನ ಮೂರ್ನಾಲ್ಕು ವಾಕ್ಯ ಮಾಡೋದಕ್ಕೆ ಹೆದರಬೇಡಿ, ಮಾಹಿತಿ ಬಿಟ್ಟುಹೋಗಬಾರದು ಅಷ್ಟೇ.

ಅಲ್ಲಿ ಬರೋದು, ಕಂಪನಿಯು ತನ್ನ ಲೀಗಲ್ ರೆಪ್ರೆಸೆಂಟೇಟಿವ್ ಪ್ರೋ ತೆಂಪೊರೆ ಮೂಲಕ, ಅಂತ. ನಾನು ಈ ಕೆಲಸ ಶುರು ಮಾಡಿದ ಹೊಸದ್ರಲ್ಲಿ ಇದಕ್ಕೆ ಟೆಂಪರರಿ ಅಂತಲೇ ಬರ್ದಿದ್ದೆ, ಒಬ್ಬ ವಕೀಲರು ಫೋನ್ ಮಾಡಿ, 'ಪರ್ಮನೆಂಟ್ ಡೈರೆಕ್ಟರ್ ಎಲ್ಲಿ ಹೋದ, ಇವನಿಗೆ ಸಹಿ ಮಾಡೋ ಅಧಿಕಾರ ಇದೆಯಾ, ಅದನ್ನೇ ಆಕ್ಷೇಪಣೆ ಮಾಡೋಣ' ಅಂತ ಹುರುಪಾಗಿಬಿಟ್ಟಿದ್ರು. ಪ್ರೋ ತೆಂಪೊರೆ ಅಂದ್ರೆ ಆ ಹೊತ್ತಿಗೆ ಅಧಿಕಾರದಲ್ಲಿ ಇರೋನು, ಯಾರೇ ಆಗಿರಲಿ. ಇಟಲಿ ವಕೀಲರು ಇದನ್ನ ಅಭ್ಯಾಸ ಬಲದಿಂದ ಬರೀತಾರೆ. ಇಂಗ್ಲಿಷಿಗೆ ಕರೆಂಟ್ ಲೀಗಲ್ ರೆಪ್ರೆಸೆಂಟೇಟಿವ್ ಅಥವಾ ಫಾರ್ ದ ಟೈಮ್ ಬೀಯಿಂಗ್, ಎರಡೂ ಸರಿ. ಲ್ಯಾಟಿನ್ ಹಾಗೇ ಉಳ್ಸೋದು ಬೇಡ, ಇಂಗ್ಲಿಷಲ್ಲಿ ಪ್ರೋ ಟೆಂ ಅಂದ್ರೆ ತಾತ್ಕಾಲಿಕ ಅನ್ನೋ ಅರ್ಥವೇ ಬರೋದು.

ಅದೇ ವಾಕ್ಯದ ಬಾಲದಲ್ಲಿ ಜೂಸ್ತಾ ಪ್ರೊಕೂರಾ ಇನ್ ಕಾಲ್ಚೆ ಅಂತ ಇರತ್ತೆ. ಜೂಸ್ತಾ ಅಂದ್ರೆ ನ್ಯಾಯಯುತ ಅನ್ನೋ ಪದ ನಿಮಗೆ ಗೊತ್ತು, ಕಾಲ್ಚೆ ಅಂದ್ರೆ ಸುಣ್ಣ ಅನ್ನೋದೂ ಗೊತ್ತಿರಬಹುದು, ಎರಡೂ ಇಲ್ಲಿ ಕೆಲಸಕ್ಕೆ ಬರಲ್ಲ. ಜೂಸ್ತಾ ಇಲ್ಲಿ ಪ್ರಕಾರ ಅನ್ನೋ ಅರ್ಥದ್ದು, ಇನ್ ಕಾಲ್ಚೆ ಅಂದ್ರೆ ಪುಟದ ಕೆಳಗೆ. ಈ ದಸ್ತಾವೇಜಿನ ಕೊನೆಗೆ ಕೊಟ್ಟಿರೋ ವಕಾಲತ್ತಿನ ಪ್ರಕಾರ, ಇಷ್ಟೇ ಅರ್ಥ. ನಮ್ಮ ವಕೀಲರಿಗೆ ವಕಾಲತ್‌ನಾಮಾ ಅಂದ್ರೆ ತಕ್ಷಣ ಅರ್ಥ ಆಗತ್ತೆ, ಆದ್ರೂ ಅನುವಾದದಲ್ಲಿ ಪವರ್ ಆಫ್ ಅಟಾರ್ನಿ ಟು ಕಂಡಕ್ಟ್ ದ ಲಿಟಿಗೇಷನ್ ಅಂತ ಹಾಕಿ, ಇಟಲಿಯ ಕಾಗದಕ್ಕೆ ನಮ್ಮ ಕೋರ್ಟಿನ ಫಾರಂ ಹೆಸರು ತೊಡಿಸೋದು ಬೇಡ.

ಕರೆಯೋ ಭಾಗ: ಇಲ್ಲೇ ಅರ್ಧ ದಿನ ಕಳೀರಿ

ಇಟಲಿ ಸಿವಿಲ್ ಪ್ರೊಸೀಜರ್ ಕೋಡಿನ 163ನೇ ವಿಧಿಯ 7ನೇ ನಂಬರಿನಲ್ಲಿ ಈ ಪ್ಯಾರಾದಲ್ಲಿ ಏನೇನಿರಬೇಕು ಅಂತ ಬರ್ದಿದೆ, ವಕೀಲರು ಅದನ್ನ ಹೆಚ್ಚುಕಮ್ಮಿ ಹಾಗೇ ಕಾಪಿ ಮಾಡ್ತಾರೆ. ಹಿಯರಿಂಗ್ ದಿನ ಇಂಥದ್ದು, ಅದಕ್ಕಿಂತ ಎಪ್ಪತ್ತು ದಿನ ಮುಂಚೆ ನೀವು ಕೋರ್ಟಲ್ಲಿ ಹಾಜರಾತಿ ದಾಖಲಿಸಿ, ತಡ ಆದ್ರೆ 38 ಮತ್ತು 167ನೇ ವಿಧಿಯ ಹಕ್ಕುಗಳು ಹೋಗತ್ತೆ, ವಕೀಲ ಕಡ್ಡಾಯ, ಅರ್ಹತೆ ಇದ್ರೆ ಸರ್ಕಾರಿ ಖರ್ಚಲ್ಲಿ ಕಾನೂನು ನೆರವು ಕೇಳಬಹುದು, ಹೀಗೆ.

ಮೊದಲು ಕ್ರಿಯಾಪದ. ಕೊಸ್ತಿತುಯಿರ್ಸಿ ಅನ್ನೋದು ಕಾನ್ಸ್ಟಿಟ್ಯೂಟ್‌ಗೆ ಹತ್ತಿರದ ಪದದ ಹಾಗೆ ಕಾಣತ್ತೆ, ಹಿಂದಿನ ಅನುವಾದದಲ್ಲಿ ಕಾನ್ಸ್ಟಿಟ್ಯೂಟ್ ಹಿಮ್‌ಸೆಲ್ಫ್ ಅಂತ ಇತ್ತು, ಓದಿದ ಮಾಲೀಕರು 'ನಾನು ಹೊಸ ಕಂಪನಿ ಮಾಡಬೇಕಾ ಅಲ್ಲಿ' ಅಂತ ಕೇಳಿದ್ರು. ವಕೀಲರ ಮೂಲಕ ಜವಾಬು ಫೈಲ್ ಮಾಡಿ ಕೇಸಿಗೆ ಪಾರ್ಟಿಯಾಗಿ ಒಳಗೆ ಬರೋದು ಇದರರ್ಥ, ಎಂಟರ್ ಆ್ಯನ್ ಅಪಿಯರೆನ್ಸ್ ಬೈ ಫೈಲಿಂಗ್ ಅ ಸ್ಟೇಟ್‌ಮೆಂಟ್ ಆಫ್ ಡಿಫೆನ್ಸ್ ಅಂತ ಬಿಡಿಸಿ ಬರೆಯಿರಿ. ಅದೇ ವಾಕ್ಯದಲ್ಲಿ ಕೊಂಪಾರಿರೆ ಅಂತ ಇನ್ನೊಂದು ಕ್ರಿಯಾಪದ ಇದೆ, ಅದು ಹಿಯರಿಂಗ್ ದಿನ ಹಾಜರಾಗೋದು. ಎರಡಕ್ಕೂ ಅಪಿಯರ್ ಅಂತ ಒಂದೇ ಪದ ಹಾಕಿದ್ರೋ, ಓದೋನು ಹಿಯರಿಂಗ್ ದಿನ ಹೋದ್ರಾಯ್ತು ಅಂದ್ಕೋತಾನೆ, ಅಷ್ಟರಲ್ಲಿ ಎಲ್ಲಾ ಮುಗಿದಿರತ್ತೆ.

ಈಗ ಆ ಪ್ರಿಪೊಸಿಷನ್ ಕಥೆ. ಇಟಾಲಿಯನ್ ಮಾತು ನೆಲ್ ತೆರ್ಮಿನೆ ದಿ ಸೆತ್ತಾಂತಾ ಜೋರ್ನಿ ಪ್ರೀಮಾ ದೆಲ್ಲುದಿಯೆಂತ್ಸಾ. ಪದಕ್ಕೆ ಪದ ಇಟ್ರೆ ವಿದಿನ್ ದ ಟರ್ಮ್ ಆಫ್ ಸೆವೆಂಟಿ ಡೇಸ್ ಬಿಫೋರ್ ದ ಹಿಯರಿಂಗ್. ವ್ಯಾಕರಣ ಸರಿ, ಅರ್ಥ ಉಲ್ಟಾ. ಇಂಗ್ಲಿಷ್ ಓದೋನಿಗೆ ವಿದಿನ್ ಸೆವೆಂಟಿ ಡೇಸ್ ಬಿಫೋರ್ ಅಂದ್ರೆ ಹಿಯರಿಂಗಿಗೆ ಹಿಂದಿನ ಎಪ್ಪತ್ತು ದಿನದ ಒಳಗೆ ಯಾವಾಗಾದ್ರೂ ಅಂತ. ಇಟಾಲಿಯನ್‌ನಲ್ಲಿ ಆ ಎಪ್ಪತ್ತು ದಿನ ಶುರು ಆಗೋದ್ರೊಳಗೆ ಕೆಲಸ ಮುಗಿದಿರಬೇಕು.

ನಮ್ಮ ಪೇಪರಲ್ಲಿ ಹಿಯರಿಂಗ್ 16 ಜೂನ್ 2026 ಅಂತಿಟ್ಕೊಳ್ಳಿ. ಎಪ್ಪತ್ತು ದಿನ ಅಂದ್ರೆ ಸರಿಯಾಗಿ ಹತ್ತು ವಾರ, ಹಿಂದಕ್ಕೆ ಎಣಿಸಿದ್ರೆ 7 ಏಪ್ರಿಲ್. ಸರಿಯಾದ ಓದಿನ ಪ್ರಕಾರ 7 ಏಪ್ರಿಲ್ ಕೊನೇ ದಿನ. ತಪ್ಪು ಇಂಗ್ಲಿಷ್ ಪ್ರಕಾರ 7 ಏಪ್ರಿಲ್ ಮೊದಲ ದಿನ! ಆ ಇಂಗ್ಲಿಷ್ ನಂಬ್ಕೊಂಡು ಮೇ ತಿಂಗಳಲ್ಲಿ ಆರಾಮಾಗಿ ಜವಾಬು ಹಾಕ್ದೋನಿಗೆ ಕೌಂಟರ್‌ಕ್ಲೇಮೂ ಇಲ್ಲ, ಕೋರ್ಟು ತಾನಾಗಿ ಎತ್ತಿಕೊಳ್ಳೋಕೆ ಆಗದಂಥ ಆಕ್ಷೇಪಣೆಗಳೂ ಇಲ್ಲ. ಅದಕ್ಕೆ ನೋ ಲೇಟರ್ ದ್ಯಾನ್ ಸೆವೆಂಟಿ ಡೇಸ್ ಬಿಫೋರ್ ದ ಹಿಯರಿಂಗ್, ಇದನ್ನ ಬಿಟ್ಟು ಬೇರೆ ಹಾಕ್ಬೇಡಿ.

ಆದ್ರೆ 7 ಏಪ್ರಿಲ್ ಅಂತ ತಾರೀಖನ್ನ ಅನುವಾದದೊಳಗೆ ಸೇರಿಸ್ಬೇಡಿ. ಲೆಕ್ಕ ಹಾಕೋದು ವಕೀಲರ ಕೆಲಸ, ಅದರಲ್ಲೂ ಇಟಲಿಯಲ್ಲಿ ಆಗಸ್ಟ್ 1ರಿಂದ 31ರವರೆಗೆ ಪ್ರೊಸೀಜರ್ ಗಡುವುಗಳು ಸಾಮಾನ್ಯವಾಗಿ ನಿಂತಿರತ್ತೆ, ಹಿಯರಿಂಗ್ ಸೆಪ್ಟೆಂಬರ್ ಅಕ್ಟೋಬರಲ್ಲಿದ್ರೆ ಹಿಂದಕ್ಕೆ ಎಣಿಸೋವಾಗ ಪೂರ್ತಿ ಆಗಸ್ಟ್ ಹಾರಿ ಜುಲೈಗೋ ಜೂನಿಗೋ ಅದಕ್ಕೂ ಹಿಂದಕ್ಕೋ ಹೋಗತ್ತೆ. ನಾನು ಪಾರ್ಟಿಗೆ ಬಾಯಲ್ಲಿ ಹೇಳ್ತೀನಿ, ಮೇಲ್‌ನಲ್ಲಿ 'ಗಡುವು ಹಿಂದಕ್ಕೆ ಎಣಿಸೋದು, ಇವತ್ತೇ ಇಟಲಿ ವಕೀಲರನ್ನ ಕೇಳಿ' ಅಂತ ಒಂದು ಸಾಲು ಹಾಕ್ತೀನಿ, ಅನುವಾದದಲ್ಲಿ ಮುಟ್ಟಲ್ಲ.

ಹಳೇ ಪೇಪರ್ ಕೈಗೆ ಬಂದ್ರೆ ಅದರಲ್ಲಿ ಎಪ್ಪತ್ತರ ಬದಲು ಇಪ್ಪತ್ತು ದಿನ ಅಂತಿರಬಹುದು, ತಪ್ಪು ಅಂತ ತಿದ್ದೋಕೆ ಹೋಗ್ಬೇಡಿ. ಕಾರ್ತಾಬಿಯಾ ಸುಧಾರಣೆ ಅಂತ ಕರೀತಾರಲ್ಲ, ಅದು 2023ರ ಫೆಬ್ರವರಿ 28ರ ನಂತರ ಶುರುವಾದ ಕೇಸುಗಳಿಗೆ ಎಪ್ಪತ್ತು ಮಾಡ್ತು, ಮುಂಚೆ ಇಪ್ಪತ್ತೇ ಇತ್ತು. ನೀವು ನೆಟ್ಟಲ್ಲಿ ಸಿಗೋ ಹಳೇ ಸ್ಯಾಂಪಲ್ ಅನುವಾದ ಇಟ್ಕೊಂಡು ಕಾಪಿ ಪೇಸ್ಟ್ ಮಾಡಿದ್ರೆ ಈ ಇಪ್ಪತ್ತು ಗೊತ್ತಿಲ್ಲದೆ ಒಳಗೆ ಬಂದು ಕೂತ್ಕೊಳತ್ತೆ, ಅದೇ ದೊಡ್ಡ ಅಪಾಯ.

ದಿನದ ಪಕ್ಕದಲ್ಲಿ ಓರಾ ದಿ ರೀತೊ ಅಂತ ಇದ್ರೆ ಪೂಜೆ ಪುನಸ್ಕಾರದ ಹೊತ್ತಲ್ಲ, ಕೋರ್ಟ್ ಮಾಮೂಲಾಗಿ ಶುರುವಾಗೋ ಹೊತ್ತು. ಅಟ್ ದ ಕೋರ್ಟ್ಸ್ ಯೂಶುವಲ್ ಅವರ್ ಅಂತ ಹಾಕಿ, ಬೆಳಿಗ್ಗೆ ಒಂಬತ್ತು ಅಂತ ನೀವೇ ತುಂಬಿಸ್ಬೇಡಿ.

ಇನ್ನು ಎಚ್ಚರಿಕೆಯಲ್ಲಿ ಬರೋ ದೆಕಾದೆನ್ತ್ಸಾ. ಡೆಕಡೆನ್ಸ್ ಅಲ್ಲ, ಕ್ಷಯ ಅಲ್ಲ, ಗಡುವಿನೊಳಗೆ ಮಾಡದೇ ಇದ್ದದ್ದಕ್ಕೆ ಹಕ್ಕು ಬಿದ್ದುಹೋಗೋದು, ಫೋರ್‌ಫೀಚರ್. 38ನೇ ವಿಧಿ ಹೇಳೋದು ಕೊಂಪೆತೆನ್ತ್ಸಾ ಬಗ್ಗೆ, ಅಂದ್ರೆ ಇಟಲಿಯೊಳಗೆ ಯಾವ ಕೋರ್ಟಿಗೆ ಈ ಕೇಸು ಸೇರತ್ತೆ ಅನ್ನೋದು. ಇನ್‌ಕಾಂಪಿಟೆನ್ಸ್ ಅಂತ ಬರೆದ್ರೆ ಜಡ್ಜಿಗೆ ಕೆಲಸ ಬರಲ್ಲ ಅಂದಂಗಾಗತ್ತೆ. ಬರೀ ಲ್ಯಾಕ್ ಆಫ್ ಜೂರಿಸ್ಡಿಕ್ಷನ್ ಅಂದ್ರೂ ಪೂರ್ತಿ ಸರಿಯಲ್ಲ, ಯಾಕಂದ್ರೆ ಇಟಲಿ ಕೋರ್ಟುಗಳಿಗೇ ಈ ಕೇಸಿನ ಅಧಿಕಾರ ಇದೆಯಾ ಅನ್ನೋದಕ್ಕೆ ಜುರಿಸ್ದಿತ್ಸಿಯೋನೆ ಅಂತ ಬೇರೇನೇ ಪದ ಇದೆ, ಬೆಂಗಳೂರು ಪಾರ್ಟಿಗೆ ಅದು ಬೇರೆಯದೇ ವಾದ. ನಾನು ಮೊದಲನೇದಕ್ಕೆ ವೆನ್ಯೂ ಆ್ಯಂಡ್ ಸಬ್ಜೆಕ್ಟ್ ಮ್ಯಾಟರ್ ಕಾಂಪಿಟೆನ್ಸ್ ಆಫ್ ದ ಕೋರ್ಟ್ ಅಂತ ಉದ್ದಕ್ಕೇ ಬರೆದು, ಎರಡನೇದಕ್ಕೆ ಮಾತ್ರ ಜೂರಿಸ್ಡಿಕ್ಷನ್ ಇಟ್ಕೋತೀನಿ. ಕೇಳೋಕೆ ಸ್ವಲ್ಪ ಒರಟು, ಆದ್ರೆ ಎರಡು ಕಲಸಿಹೋಗಲ್ಲ.

ಕೊನೆಗೆ ಕೊಂತುಮಾಚಾ. ಬರದೇ ಇದ್ರೆ ನಿಮ್ಮ ಕೊಂತುಮಾಚಾದಲ್ಲಿ ಕೇಸು ಮುಂದುವರಿಯತ್ತೆ ಅಂತ ಎಚ್ಚರಿಕೆ. ಇಂಗ್ಲಿಷಿನ ಕಂಟ್ಯೂಮೆಸಿ ಅಂದ್ರೆ ಕೋರ್ಟಿಗೆ ಅವಿಧೇಯತೆ, ಪಾರ್ಟಿಗೆ ಜೈಲಿನ ಭಯ ಹುಟ್ಟತ್ತೆ. ನಮ್ಮಲ್ಲಿ ಎಕ್ಸ್ ಪಾರ್ಟಿ ಆಯ್ತು ಅಂತೀವಲ್ಲ, ಅದಕ್ಕೆ ಹತ್ತಿರ. ಆದ್ರೂ ಎಕ್ಸ್ ಪಾರ್ಟಿ ಅಂತ ಬರೆಯಲ್ಲ ನಾನು, ಎದುರು ಪಾರ್ಟಿಗೆ ತಿಳಿಸದೇ ತುರ್ತು ಆದೇಶ ಕೊಡೋದಕ್ಕೆ ಇಟಲಿಯವರು ಇನ್‌ಆವುದಿತಾ ಆಲ್ತೆರಾ ಪಾರ್ತೆ ಅಂತ ಬೇರೆ ಲ್ಯಾಟಿನ್ ಇಟ್ಕೊಂಡಿದಾರೆ, ಎಕ್ಸ್ ಪಾರ್ಟಿ ಆ ಜಾಗಕ್ಕೆ ಬೇಕಾಗತ್ತೆ. ಡಿಫಾಲ್ಟ್ ಜಡ್ಜ್‌ಮೆಂಟ್ ವಿಲ್ ಬಿ ಎಂಟರ್ಡ್ ಅಂತಲೂ ಬೇಡ, ಯಾಕಂದ್ರೆ ಇಟಲಿಯಲ್ಲಿ ಪ್ರತಿವಾದಿ ಬರಲಿಲ್ಲ ಅಂದ ಮಾತ್ರಕ್ಕೆ ಒಪ್ಕೊಂಡ ಅಂತ ಲೆಕ್ಕ ಇಲ್ಲ, ವಾದಿ ತನ್ನ ಕೇಸನ್ನ ಸಾಬೀತು ಮಾಡ್ಲೇಬೇಕು. ದ ಪ್ರೊಸೀಡಿಂಗ್ಸ್ ವಿಲ್ ಕಂಟಿನ್ಯೂ ಇನ್ ದ ಡಿಫೆಂಡೆಂಟ್ಸ್ ಡಿಫಾಲ್ಟ್ ಆಫ್ ಅಪಿಯರೆನ್ಸ್, ಇಷ್ಟು ಹೇಳಿ ನಿಲ್ಸಿ.

ಕಥೆ ಮತ್ತು ಕಾನೂನಿನ ಭಾಗ

ಇಲ್ಲಿ ಲ್ಯಾಟಿನ್ ಜಾಸ್ತಿ, ಭಯ ಕಮ್ಮಿ. ನನ್ನ ಲೆಕ್ಕ ಸರಳ: ನಮ್ಮ ವಕೀಲರೂ ಅದೇ ಅರ್ಥದಲ್ಲಿ ದಿನಾ ಬಳಸೋ ಲ್ಯಾಟಿನ್ ಆದ್ರೆ ಹಾಗೇ ಬಿಡ್ತೀನಿ, ಇಟಲಿಯವರು ಮಾತ್ರ ಬಳಸೋದಾದ್ರೆ ಇಂಗ್ಲಿಷ್ ಮಾಡ್ತೀನಿ, ನೋಡೋಕೆ ಒಂದೇ ಥರ ಇದ್ದು ಅರ್ಥ ಬೇರೆ ಇರೋದಾದ್ರೆ ಖಂಡಿತ ಇಂಗ್ಲಿಷ್ ಮಾಡ್ತೀನಿ. ಉದಾಹರಣೆಗೆ ಕ್ವಾಂಟಮ್ ನಮ್ಮಲ್ಲೂ ಇದೆ, ಪರಿಹಾರದ ಮೊತ್ತ. ಆದ್ರೆ ಇಟಲಿಯವರು ಅದರ ಜೋಡಿಯಾಗಿ ಆನ್ ಅಂತ ಎರಡಕ್ಷರದ ಪದ ಬಳಸ್ತಾರೆ, ಕೊಡಬೇಕಾ ಇಲ್ವಾ ಅನ್ನೋ ಪ್ರಶ್ನೆಗೆ. ಇಂಗ್ಲಿಷ್ ಲಿಪಿಯಲ್ಲಿ ಅದು ಆ್ಯನ್ ಅನ್ನೋ ಆರ್ಟಿಕಲ್ ಥರ ಕಾಣೋದ್ರಿಂದ ಹಿಂದಿನ ಅನುವಾದಕರು ಟೈಪಿಂಗ್ ಮಿಸ್ಟೇಕ್ ಅಂತ ಬಿಟ್ಟೇಬಿಟ್ಟಿದ್ರು. ಲಯಬಿಲಿಟಿ ಆ್ಯಂಡ್ ಕ್ವಾಂಟಮ್ ಅಂತ ಬರೆದ್ರೆ ನಮ್ಮ ಯಾವ ವಕೀಲರೂ ತಲೆ ಕೆರ್ಕೊಳ್ಳಲ್ಲ. ಪೆರ್ ತಾಬುಲಾಸ್ ಅಂದ್ರೆ ಟೇಬಲ್ ಅಲ್ಲ, ದಾಖಲೆಗಳಿಂದಲೇ ಸಾಬೀತು ಅಂತ.

ಎಕ್ಸ್ ಅನ್ನೋದಂತೂ ಪ್ರತಿ ಪುಟದಲ್ಲಿ ಇಪ್ಪತ್ತು ಸಲ. ಎಕ್ಸ್ ಆರ್ತಿಕೊಲೊ 1490 ಅಂದ್ರೆ ಮಾಜಿ 1490ನೇ ವಿಧಿ ಅಲ್ಲ, 1490ನೇ ವಿಧಿಯ ಪ್ರಕಾರ. ಅಂಡರ್ ಆರ್ಟಿಕಲ್ 1490 ಸಾಕು, ಪರ್ಸುಯಂಟ್ ಟು ಅಂತ ಪ್ರತಿ ಸಲ ಎಳೀಬೇಕಿಲ್ಲ. ಪಕ್ಕದಲ್ಲಿ ಎರಡು ಸಿ ಇದ್ರೆ ಸಿವಿಲ್ ಕೋಡ್, ನಡುವೆ ಪಿ ಸೇರಿದ್ರೆ ಸಿವಿಲ್ ಪ್ರೊಸೀಜರ್ ಕೋಡ್, ಎರಡನ್ನೂ ಬಿಡಿಸಿ ಬರೆಯಿರಿ, ಇಟಾಲಿಯನ್ ಅಂತ ಮುಂದೆ ಸೇರಿಸಿ, ಇಲ್ಲಾಂದ್ರೆ ನಮ್ಮ ವಕೀಲರು ನಮ್ಮ ಸಿಪಿಸಿ ತೆಗೆದು ಹುಡುಕ್ತಾರೆ.

ಈ 1490 ಮಾರಿದ ವಸ್ತುವಿನ ದೋಷಗಳ ಗ್ಯಾರಂಟಿ ಬಗ್ಗೆ. ದೋಷಕ್ಕೆ ಇಟಾಲಿಯನ್ ಪದ ವಿತ್ಸಿ, ಹೊರಗೆ ಕಾಣದೇ ಇರೋ ದೋಷಕ್ಕೆ ವಿತ್ಸಿ ಒಕ್ಕುಲ್ತಿ, ಅದೇ ಆಕಲ್ಟ್ ವೈಸಸ್ ಆಗಿದ್ದು. ಲೇಟೆಂಟ್ ಡಿಫೆಕ್ಟ್ಸ್ ಅಂತ ಹಾಕಿದ್ರೆ ಮಾಟ ಮಂತ್ರ ಮುಗೀತು.

ಅದರ ಹಿಂದೆಯೇ 1495 ಬಂತು, ಅದನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಎರಡು ಗಡುವು ಒಂದೇ ಕಡೆ ಇದೆ. ದೋಷ ಗೊತ್ತಾದ ಎಂಟು ದಿನದೊಳಗೆ ಮಾರಿದೋನಿಗೆ ತಿಳಿಸದೇ ಇದ್ರೆ ಗ್ಯಾರಂಟಿ ಹಕ್ಕು ಬಿದ್ದುಹೋಗತ್ತೆ, ಇದು ದೆಕಾದೆನ್ತ್ಸಾ. ದಾವಾ ಹಾಕೋ ಹಕ್ಕು ಡೆಲಿವರಿಯಿಂದ ಒಂದು ವರ್ಷಕ್ಕೆ ಕಾಲಬಾಧಿತ ಆಗತ್ತೆ, ಇದು ಪ್ರೆಸ್ಕ್ರಿತ್ಸಿಯೋನೆ. ಡಾಕ್ಟರ್ ಚೀಟಿ ಅಲ್ಲ, ಲಿಮಿಟೇಷನ್. ಎರಡಕ್ಕೂ ಟೈಮ್ ಬಾರ್ಡ್ ಅಂತ ಒಂದೇ ಪದ ಬಳಿದುಬಿಟ್ರೆ ಎಂಟು ದಿನದ ವಾದವೇ ಕಾಣೆಯಾಗತ್ತೆ, ನಮ್ಮ ಪಾರ್ಟಿಗೆ ಉಪಯೋಗಕ್ಕೆ ಬರಬಹುದಾದ ವಾದ ಅದೇ ಇರಬಹುದು, ಬಯ್ಯರ್ ಮೇಲ್ ಕಳಿಸಿದ್ದು ಕಲೆ ನೋಡಿದ ಎಷ್ಟನೇ ದಿನಕ್ಕೆ ಅಂತ ವಕೀಲರು ಕೆದಕಬೇಕಲ್ಲ. ಫೋರ್‌ಫೀಚರ್ ಒಂದಕ್ಕೆ, ಲಿಮಿಟೇಷನ್ ಇನ್ನೊಂದಕ್ಕೆ, ಪೇಪರ್ ಪೂರ್ತಿ ಅದೇ ಜೋಡಿ. ಅಲ್ಲಿ ತಿಳಿಸೋದಕ್ಕೆ ಬರೋ ಪದ ದೆನುನ್ತ್ಸಾ, ಪೊಲೀಸ್ ಕಂಪ್ಲೇಂಟಿಗೂ ಅದೇ ಪದ ಇರೋದ್ರಿಂದ ಕೆಲವರು ಹಾಗೇ ಮಾಡ್ತಾರೆ. ಇಲ್ಲಿ ನೋಟಿಸ್ ಆಫ್ ಡಿಫೆಕ್ಟ್ಸ್ ಅಷ್ಟೇ.

ಕೊನೆಯ ಕೋರಿಕೆ

ಪ್ರೇಯರ್ ಭಾಗದಲ್ಲಿ ವಾಕ್ಯ ಶುರುವಾಗೋದು ಘನ ನ್ಯಾಯಾಲಯಕ್ಕೆ ಸಂತೋಷ ಆಗಲಿ ಅನ್ನೋ ಥರದ ಹಳೇ ಶೈಲಿಯಲ್ಲಿ, ಮೇ ಇಟ್ ಪ್ಲೀಸ್ ದ ಕೋರ್ಟ್ ಅಂತ ನಮ್ಮಲ್ಲೂ ಇದೆ, ಸಲೀಸು. ಆಮೇಲೆ ಇನ್ ವಿಯಾ ಪ್ರಿಂಚಿಪಾಲೆ, ಇನ್ ವಿಯಾ ಸುಬೊರ್ದಿನಾತಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರತ್ತೆ, ಮುಖ್ಯ ಕೋರಿಕೆ, ಅದು ಆಗದಿದ್ರೆ ಇದು. ಎರಡನೇದಕ್ಕೆ ಇನ್ ದಿ ಆಲ್ಟರ್ನೇಟಿವ್ ಅಂತ ಹಾಕಿ. ಕ್ರಮ ಅದಲು ಬದಲು ಮಾಡ್ಬೇಡಿ, ಆ ಕ್ರಮವೇ ಕೋರಿಕೆಯ ಭಾಗ.

ಕೊಂದನ್ನಾರೆ ಅನ್ನೋ ಕ್ರಿಯಾಪದ ನೋಡಿ ಮಾಲೀಕರ ಮನೆಯವರು ಹೆದರಿದ್ರಂತೆ, ಹಿಂದಿನ ಅನುವಾದದಲ್ಲಿ ಕನ್ವಿಕ್ಟ್ ಅಂತಿತ್ತು. ಸಿವಿಲ್ ಕೇಸಲ್ಲಿ ಅದು ಆರ್ಡರ್ ದ ಡಿಫೆಂಡೆಂಟ್ ಟು ಪೇ. ಹಾಗೇ ಸೆಂತೆನ್ತ್ಸಾ ಅಂದ್ರೆ ಜಡ್ಜ್‌ಮೆಂಟ್, ಶಿಕ್ಷೆ ಅಲ್ಲ. ಕೊನ್ ವಿತ್ತೋರಿಯಾ ದಿ ಸ್ಪೇಸೆ ಅಂದ್ರೆ ಖರ್ಚಿನ ವಿಜಯೋತ್ಸವ ಅಲ್ಲ, ವಿತ್ ಕಾಸ್ಟ್ಸ್. ಎಲ್ಲಾ ಮುಗಿದು ಸಾಲ್ವಿಸ್ ಯೂರಿಬುಸ್ ಅಂತ ಒಂದೇ ಸಾಲು ಇರತ್ತೆ ಕೆಲವು ಸಲ, ಆಲ್ ರೈಟ್ಸ್ ರಿಸರ್ವ್ಡ್.

ದುಡ್ಡು ಬರೆಯೋವಾಗ ಕಣ್ಣು ಬಿಟ್ಕೊಂಡಿರಿ. ಇಟಲಿಯಲ್ಲಿ 48.350,00 ಅಂದ್ರೆ ನಲವತ್ತೆಂಟು ಸಾವಿರದ ಮುನ್ನೂರ ಐವತ್ತು ಯೂರೊ, ಚುಕ್ಕೆ ಸಾವಿರಕ್ಕೆ, ಕಾಮಾ ಪೈಸೆಗೆ. ಇಂಗ್ಲಿಷಲ್ಲಿ 48,350.00 ಆಗ್ಬೇಕು. ರೂಪಾಯಿಗೆ ತಿರುಗಿಸೋದು ಬೇಡ. ತಪ್ಪಿದೀರಾ ಅಂತ ನೋಡೋಕೆ ಒಂದು ಉಪಾಯ: ಕೊನೆಗೆ ಕೋರ್ಟ್ ಫೀ ಬಗ್ಗೆ ಒಂದು ಘೋಷಣೆ ಇರತ್ತೆ, ಕೊಂತ್ರಿಬೂತೊ ಉನಿಫಿಕಾತೊ, ಅದು ದಾವೆಯ ಮೌಲ್ಯದ ಮೇಲೆ ಹೋಗತ್ತೆ, 26,000ದಿಂದ 52,000 ಯೂರೊ ಒಳಗಿನ ಸಾಮಾನ್ಯ ಮೊದಲ ಹಂತದ ಕೇಸಿಗೆ 518 ಯೂರೊ. ನಮ್ಮ ಪೇಪರಲ್ಲಿ 518 ಇತ್ತು, ಹಾಗಾಗಿ 48 ಸಾವಿರ ಸರಿ. ಅದು ಹೊಂದದೇ ಇದ್ರೆ ನೀವು ಸೊನ್ನೆ ಎಲ್ಲೋ ಬಿಟ್ಟಿದೀರಿ, ಅಥವಾ ಮೂಲದಲ್ಲೇ ಏನೋ ಇದೆ, ಆಗ ತಿದ್ದದೆ ಟಿಪ್ಪಣಿ ಹಾಕಿ.

ಖಾಲಿ ಜಾಗ, ಸಹಿ, ಸೀಲು

ಕಾಗದದ ಮೇಲೆ ಕಾಣೋದೆಲ್ಲಾ ಅನುವಾದದಲ್ಲೂ ಕಾಣ್ಬೇಕು. ಓದೋಕಾಗದ ಸಹಿ ಇದ್ರೆ ಚೌಕ ಕಂಸದಲ್ಲಿ ಇಲ್ಲೆಜಿಬಲ್ ಸಿಗ್ನೇಚರ್ ಅಂತ, ಸ್ಟ್ಯಾಂಪ್ ಇದ್ರೆ ಅದರ ಮಾತು ಸಮೇತ, ಕೈಬರಹದಲ್ಲಿ ತಿದ್ದಿದ್ರೆ ಹ್ಯಾಂಡ್‌ರಿಟನ್ ಅಂತ. ವಕೀಲರ ಹೆಸರಿನ ಹಿಂದಿನ ಅವ್ವೊಕಾತೊ ಅನ್ನೋದನ್ನ ಅಡ್ವೊಕೇಟ್ ಮಾಡ್ಬಹುದು, ತೆರಿಗೆ ಕೋಡನ್ನ ಒಂದೊಂದು ಅಕ್ಷರ ಬೆರಳಿಟ್ಟು ತಾಳೆ ನೋಡಿ. ನಾನು ಹಿಯರಿಂಗ್ ದಿನ, ದಿನದ ಎಣಿಕೆ, ವಿಧಿ ನಂಬರ್, ಮೊತ್ತ, ಇಷ್ಟನ್ನ ಇನ್ನೊಬ್ಬರ ಕೈಲಿ ಮೂಲ ಕೊಟ್ಟು ಗಟ್ಟಿಯಾಗಿ ಓದಿಸಿ ಟಿಕ್ ಹಾಕ್ಕೋತೀನಿ, ಇಟಾಲಿಯನ್ ಬರದೇ ಇದ್ರೂ ಪರವಾಗಿಲ್ಲ, ಅಂಕಿ ಬಂದ್ರೆ ಸಾಕು, ನಮ್ಮ ಮನೇಲಿ ಆ ಕೆಲಸ ಮಗಳದ್ದು.

ಮೊದಲ ಪುಟದ ಮೇಲೆ ಕೇಸ್ ನಂಬರ್ ಅಂತ ಬರೆದು ಮುಂದೆ ಗೆರೆ ಎಳೆದಿತ್ತು, ಏನೂ ತುಂಬಿರಲಿಲ್ಲ. ಅದನ್ನ ಬಿಡಬಾರದು, ತುಂಬಲೂಬಾರದು, ಚೌಕ ಕಂಸದಲ್ಲಿ ಬ್ಲ್ಯಾಂಕ್ ಇನ್ ದ ಒರಿಜಿನಲ್ ಅಂತ ಹಾಕಿದೆ. ಮಾಲೀಕರು ಹೊಸ ಅನುವಾದ ತಗೊಂಡು ಮೊದಲು ನೋಡಿದ್ದೂ ಅದನ್ನೇ, 'ಸರಿ ಸರ್, ಇದು ಖಾಲಿ ಇರೋದೇ ಹೀಗಾ' ಅಂದ್ರು, ಆಮೇಲೆ ಎಪ್ಪತ್ತು ದಿನದ ಸಾಲಿಗೆ ಬಂದು ಅಲ್ಲೇ ನಿಂತ್ಕೊಂಡು ಕ್ಯಾಲೆಂಡರ್ ತೆಗೆದ್ರು.